ಗೋಡೆಯ ಮೇಲಿನ ನರ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ ಆಳೆತ್ತರದ ಒಂದು ಗ್ರಾಫ್ ಇದೆ. ನರದಲ್ಲಿ ಸಂದೇಶ ಹರಿಯುವಾಗ ಅದರ ವಿದ್ಯುತ್ತು ಹೇಗೆ ಏರಿ ಇಳಿಯುತ್ತದೆ ಎಂದು ತೋರಿಸುವ ಗ್ರಾಫ್. ಆಕ್ಷನ್ ಪೊಟೆನ್ಶಿಯಲ್ ಎಂದು ಮೇಲೆ ಬರೆದಿದೆ. ನೀಲಿ ಗೆರೆಯೊಂದು ಎಡದಿಂದ ನೆಟ್ಟಗೆ ಬರುತ್ತದೆ, ಒಮ್ಮೆಲೆ ಕಡಿದಾಗಿ ಮೇಲೇರುತ್ತದೆ, ಏರಿದಷ್ಟೇ ಅವಸರದಲ್ಲಿ ಇಳಿಯುತ್ತದೆ, ಹೊರಟ ಮಟ್ಟಕ್ಕಿಂತಲೂ ಕೆಳಗೆ ಹೋಗಿ ಒಂದು ತಗ್ಗು ಮಾಡಿ, ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನೆಟ್ಟಗಾಗುತ್ತದೆ. ಚಿತ್ರ ಚೆಂದವಿದೆ, ಇಲ್ಲವೆನ್ನುವುದಿಲ್ಲ. ಅದರ ಕೆಳಗೆ ಚಿತ್ರ ಬರೆಸಿದ ದಾನಿಯ ಹೆಸರು, ಗ್ರಾಫಿನ ಎಲ್ಲ ಅಕ್ಷರಗಳಿಗಿಂತ ದಪ್ಪಗೆ, ಕೆಂಪು ಬಣ್ಣದಲ್ಲಿ. ಆ ಗೋಡೆ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ನಾನು ಗಜೇಂದ್ರಗಡದ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರೋಣದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಅತಿಥಿ ಎಂದು ಹೆಸರಿಟ್ಟವರು ಯಾರೋ ಭಾಳ ಕುಚೋದ್ಯದವರಿರಬೇಕು. ಮನೆಗೆ ಬಂದ ಅತಿಥಿಯನ್ನು ಯಾರೂ ವರ್ಷಕ್ಕೊಮ್ಮೆ ಹೊರಗೆ ಹಾಕಿ, ಮತ್ತೆ ಅರ್ಜಿ ಹಾಕು ಎನ್ನುವುದಿಲ್ಲ. ಇರಲಿ, ಆ ಸಿಟ್ಟು ಬೇರೆ. ಈಗ ಹೇಳಬೇಕಾದದ್ದು ಗೋಡೆಯ ಸಿಟ್ಟು.

ಆ ಗ್ರಾಫಿನಲ್ಲಿ ತಪ್ಪೇನು ಎಂದು ತಿಳಿಯಬೇಕಾದರೆ ಅದನ್ನು ಓದುವುದು ಹೇಗೆಂದು ಹೇಳಬೇಕು. ಹೇಳುತ್ತೇನೆ, ಕಷ್ಟವೇನಿಲ್ಲ. ನಿಂತ ಗೆರೆಯ ಮೇಲೆ ಮಿಲಿವೋಲ್ಟು, ಮಲಗಿದ ಗೆರೆಯ ಮೇಲೆ ಮಿಲಿಸೆಕೆಂಡು. ನರ ಸುಮ್ಮನಿದ್ದಾಗ ಅದರ ಒಳಗಿನ ಮಟ್ಟ ಸುಮಾರು ಮೈನಸ್ ಎಪ್ಪತ್ತು. ಏನಾದರೂ ಪ್ರಚೋದನೆ ಬಂದು ಆ ಮಟ್ಟ ಮೈನಸ್ ಐವತ್ತೈದರ ಹತ್ತಿರ ಮುಟ್ಟಿತೆಂದರೆ ಸೋಡಿಯಂ ಬಾಗಿಲುಗಳು ಧಡಾಧಡ್ ತೆರೆಯುತ್ತವೆ, ಸೋಡಿಯಂ ಒಳಗೆ ನುಗ್ಗುತ್ತದೆ, ಗೆರೆ ಸೊನ್ನೆ ದಾಟಿ ಪ್ಲಸ್ ಮೂವತ್ತರ ಆಸುಪಾಸಿಗೆ ಹೋಗುತ್ತದೆ. ಈ ಏರು ಡಿಪೋಲರೈಸೇಶನ್. ತುದಿ ಮುಟ್ಟುವ ಹೊತ್ತಿಗೆ ಸೋಡಿಯಂ ಬಾಗಿಲುಗಳು ಮುಚ್ಚಿ ಅಗಳಿ ಹಾಕಿಕೊಳ್ಳುತ್ತವೆ, ನಿಧಾನಕ್ಕೆ ತೆರೆದುಕೊಳ್ಳುತ್ತಿದ್ದ ಪೊಟ್ಯಾಸಿಯಂ ಬಾಗಿಲುಗಳಿಂದ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಗೆರೆ ಇಳಿಯುತ್ತದೆ. ಇದು ರಿಪೋಲರೈಸೇಶನ್. ಪೊಟ್ಯಾಸಿಯಂ ಬಾಗಿಲುಗಳು ಮುಚ್ಚುವುದೂ ನಿಧಾನ, ಅದಕ್ಕೇ ಗೆರೆ ಮೈನಸ್ ಎಪ್ಪತ್ತರಲ್ಲಿ ನಿಲ್ಲದೆ ಇನ್ನೂ ಕೆಳಗೆ ಜಾರಿ ತಗ್ಗು ಮಾಡುತ್ತದೆ.

ಇನ್ನು ರಿಫ್ರ್ಯಾಕ್ಟರಿ ಪೀರಿಯಡ್. ನರ ಎರಡನೆಯ ಮಾತು ಕೇಳಿಸಿಕೊಳ್ಳದ ಹೊತ್ತು ಅದು. ಗೆರೆ ಏರಲು ಶುರುವಾದಾಗಿನಿಂದ ಇಳಿತದ ಸಾಕಷ್ಟು ಭಾಗದವರೆಗೆ ಎಂಥ ಜೋರಾದ ಪ್ರಚೋದನೆ ಕೊಟ್ಟರೂ ನರ ಮತ್ತೊಮ್ಮೆ ಮಿಡಿಯುವುದಿಲ್ಲ. ಸೋಡಿಯಂ ಬಾಗಿಲುಗಳು ಆಗಲೇ ತೆರೆದಿರುತ್ತವೆ, ಇಲ್ಲವೇ ಅಗಳಿ ಹಾಕಿರುತ್ತವೆ. ಹೊಸದಾಗಿ ತೆರೆಯಲು ಏನೂ ಉಳಿದಿರುವುದಿಲ್ಲ. ಆಮೇಲೆ ಇಳಿತದ ಕೊನೆ ಮತ್ತು ಆ ತಗ್ಗು ಇರುವಷ್ಟು ಹೊತ್ತು ಮಾಮೂಲಿಗಿಂತ ಜೋರಾಗಿ ಕರೆದರೆ ಮಾತ್ರ ಓಗೊಡುತ್ತದೆ. ತಗ್ಗು ಮುಗಿದು ಗೆರೆ ನೆಟ್ಟಗಾಯಿತೋ, ನರ ಮೊದಲಿನ ಹಾಗೆ ಸಿದ್ಧ. ಆದ್ದರಿಂದ ಪುಸ್ತಕಗಳಲ್ಲಿ ರಿಫ್ರ್ಯಾಕ್ಟರಿ ಎಂದು ತೋರಿಸುವ ಬ್ರ್ಯಾಕೆಟ್ಟು ಏರಿನ ಬುಡದ ನೇರಕ್ಕೆ ಶುರುವಾಗಿ, ಶಿಖರದ ತಲೆಯ ಮೇಲಿಂದ ಹಾದು, ತಗ್ಗು ಮುಗಿಯುವವರೆಗೆ ಚಾಚಿರುತ್ತದೆ.

ನಮ್ಮ ಗೋಡೆಯ ಮೇಲೆ ಆ ಬ್ರ್ಯಾಕೆಟ್ಟು ಎಲ್ಲಿತ್ತು ಗೊತ್ತೇ? ತಗ್ಗು ದಾಟಿ, ಬಲಗಡೆ, ನೆಟ್ಟಗಿನ ಗೆರೆಯ ಮೇಲೆ. ನರ ಪೂರ್ತಿ ಸಿದ್ಧವಾಗಿ ಕೂತ ಜಾಗದಲ್ಲಿ ಅದು ಕಿವುಡು ಎಂದು ಬರೆದಿದ್ದರು. ನಿಜಕ್ಕೂ ಕಿವುಡಾಗಿರುವ ಜಾಗವನ್ನು ಖಾಲಿ ಬಿಟ್ಟಿದ್ದರು.

ಸೇರಿದ ಮೊದಲ ವಾರವೇ ನಾನು ಇದನ್ನು ವಿಭಾಗದ ಮುಖ್ಯಸ್ಥರ ಗಮನಕ್ಕೆ ತಂದಿದ್ದೆ. ಎಲ್ಲರೂ ಅವರನ್ನು ಬರೀ ಸರ್ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಅವರು ಚಹಾ ಆರಿಸಿಕೊಳ್ಳುತ್ತ, "ಮೇಡಂ, ಚಿತ್ರ ಚಂದ ಬಿದ್ದೈತಿಲ್ಲೋ? ಕೆಳಗ ದಾನಿಗೋಳ ಹೆಸರೈತಿ. ಅದನ್ನ ಮುಟ್ಟೂದ ಬ್ಯಾಡ," ಎಂದರು. ನಮ್ಮ ಕಡೆ ದಾನ ಕೊಟ್ಟ ವಸ್ತುವಿನ ಮೇಲೆ ಹೆಸರು ಬರೆಸುವುದು ರೂಢಿ. ಫ್ಯಾನಿನ ರೆಕ್ಕೆಯ ಮೇಲೂ ಹೆಸರಿರುತ್ತದೆ, ಬೆಂಚಿನ ಬೆನ್ನಿಗೂ ಇರುತ್ತದೆ. ಒಮ್ಮೆ ಹೆಸರು ಬಿತ್ತೆಂದರೆ ಆ ವಸ್ತುವನ್ನು ಯಾರೂ ಅಲುಗಿಸುವುದಿಲ್ಲ. ತಿರುಗದ ಫ್ಯಾನ್ ಕೂಡ ಹೆಸರು ಹೊತ್ತುಕೊಂಡು ತಲೆಯ ಮೇಲೆ ನೇತಾಡುತ್ತಿರುತ್ತದೆ. ನಾನು ಆ ಗೋಡೆಗೆ ಬೆನ್ನು ಮಾಡಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸರಿಯಾದದ್ದನ್ನು ಬರೆದು ಪಾಠ ಮಾಡುತ್ತಿದ್ದೆ. ಸೀಮೆಸುಣ್ಣ ಸಂಜೆಗೆ ಅಳಿಸಿ ಹೋಗುತ್ತಿತ್ತು, ಗೋಡೆ ಹಾಗೇ ಇರುತ್ತಿತ್ತು.

ಆ ವರ್ಷ ತರಗತಿಯಲ್ಲಿ ಸೂಡಿಯ ಹುಡುಗಿಯೊಬ್ಬಳಿದ್ದಳು. ಅಪ್ಪ-ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು. ಇವಳು ಊರಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಬರುತ್ತಿದ್ದಳು. ನಾನು ಬರುವ ಬಸ್ಸನ್ನೇ ಅವಳೂ ದಾರಿಯಲ್ಲಿ ಹತ್ತುತ್ತಿದ್ದಳು. ಮಾತು ಕಡಿಮೆ, ಹಟ ಜಾಸ್ತಿ. ಪೆನ್ಸಿಲನ್ನು ಹಾಳೆ ಹರಿಯುವಷ್ಟು ಒತ್ತಿ ಬರೆಯುವ ಅಭ್ಯಾಸ. "ಇಷ್ಟ ಒತ್ತಬ್ಯಾಡವಾ, ಆ ಹಾಳಿಗೂ ಜೀವ ಇರತೈತಿ," ಎಂದು ನಾನೇ ಎಷ್ಟೋ ಸಲ ಗೇಲಿ ಮಾಡಿದ್ದೆ. ಅಪ್ಪ ಫೋನಿನಲ್ಲಿ ಒಂದು ಮಾತು ಖಡಕ್ಕಾಗಿ ಹೇಳಿಬಿಟ್ಟಿದ್ದ: ಈ ಸಲ ಒಂದು ವಿಷಯ ಉಳಿದರೂ ಓದು ಸಾಕು, ಗೋವಾಕ್ಕೆ ಬಂದು ಗ್ಯಾಂಗಿನವರಿಗೆ ಅಡುಗೆ ಮಾಡಿ ಹಾಕಬೇಕು. ಇದನ್ನು ಅವಳು ಒಂದು ದಿನ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಹೇಳಿದ್ದಳು, ಅಳುತ್ತ ಅಲ್ಲ, ಹವಾ ಹೇಗಿದೆ ಎಂದು ಹೇಳಿದ ಹಾಗೆ.

ನಮ್ಮ ಲ್ಯಾಬಿನಲ್ಲಿ ನರದ ವಿದ್ಯುತ್ತು ಅಳೆಯುವ ಯಂತ್ರವಿಲ್ಲ. ಆದ್ದರಿಂದ ಪ್ರಾಕ್ಟಿಕಲ್ಲಿನಲ್ಲಿ ಹುಡುಗರಿಗೆ ಮುದ್ರಿಸಿದ ಗ್ರಾಫಿನ ಹಾಳೆ ಕೊಟ್ಟು ಓದಿಸುತ್ತೇವೆ. ಆ ಹಾಳೆಯಲ್ಲಿ ನಾಲ್ಕು ಗೆರೆಗಳಿದ್ದವು. ಮೊದಲನೆಯದು ಒಂದೇ ಪ್ರಚೋದನೆ, ಒಂದೇ ಶಿಖರ. ಎರಡನೆಯದರಲ್ಲಿ ಗೆರೆ ಶಿಖರದಿಂದ ಇಳಿಯಲು ಶುರುಮಾಡಿದ ಕೂಡಲೇ ಇನ್ನೊಂದು ಜೋರಾದ ಪ್ರಚೋದನೆ. ಬಾಣದ ಗುರುತಿದೆ, ಆದರೆ ಹೊಸ ಶಿಖರವಿಲ್ಲ. ಮೂರನೆಯದರಲ್ಲಿ ಬಾಣ ತಗ್ಗಿನಲ್ಲಿದೆ, ದಪ್ಪ ಬಾಣ, ಅಂದರೆ ಮಾಮೂಲಿಗಿಂತ ಜೋರು. ಅಲ್ಲಿ ಒಂದು ಶಿಖರ ಎದ್ದಿದೆ, ಸ್ವಲ್ಪ ಗಿಡ್ಡ. ನಾಲ್ಕನೆಯದರಲ್ಲಿ ಬಾಣ ತಗ್ಗು ಮುಗಿದ ಮೇಲಿನ ನೆಟ್ಟಗೆರೆಯ ಮೇಲೆ, ಸಾದಾ ಬಾಣ. ಶಿಖರ ಮೊದಲಿನಷ್ಟೇ ಎತ್ತರ.

ಉಳಿದವರು ಗೋಡೆ ನೋಡಿ ಬ್ರ್ಯಾಕೆಟ್ಟು ಹಾಕಿ ಹಾಳೆ ಕೊಟ್ಟು ಕ್ಯಾಂಟೀನಿಗೆ ಹೋದರು. ಇವಳು ಸ್ಕೇಲು ಇಟ್ಟು ಒಂದೊಂದು ಬಾಣದಿಂದ ಕೆಳಗಿನ ಮಿಲಿಸೆಕೆಂಡಿನ ಗೆರೆಗೆ ಇಳಿಸಿ ಗುರುತು ಮಾಡಿದಳು. ಎಲ್ಲಿ ಕರೆದರೆ ಓಗೊಡಲಿಲ್ಲ, ಎಲ್ಲಿ ಜೋರಾಗಿ ಕರೆದಾಗ ಓಗೊಟ್ಟಿತು, ಎಲ್ಲಿ ಸುಮ್ಮನೆ ಕರೆದರೂ ಓಗೊಟ್ಟಿತು. ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. ಮತ್ತೆ ಹಾಳೆ ನೋಡಿದಳು.

"ಮೇಡಂ, ಗ್ವಾಡಿ ಮ್ಯಾಲಿಂದು ಖರೇ ಇದ್ರ, ಈ ನಾಕನೇ ಗೆರಿ ಸುಳ್ಳಾಗಬೇಕ್ರಿ," ಎಂದಳು.

"ಮತ್ತ ನಾಕನೇ ಗೆರಿ ಸುಳ್ಳೇನು?"

"ಇಲ್ರಿ. ಮೂರನೇದು, ಎರಡನೇದು, ಎಲ್ಲಾ ಕೂಡಿ ಒಂದ ಮಾತ ಹೇಳತಾವ್ರಿ. ಗ್ವಾಡಿ ಒಂದ ಬ್ಯಾರೆ ಹೇಳತೈತಿ."

ಆ ದಿನ ನನಗಾದ ಖುಷಿ ಹೇಳತೀರದು. ನನ್ನ ಬೋರ್ಡನ್ನೂ ನಂಬದೆ, ಗೋಡೆಯನ್ನೂ ನಂಬದೆ, ಗೆರೆಯನ್ನು ಕೇಳಿ ಉತ್ತರ ಪಡೆದಿದ್ದಳು. ಅವಳು ಜರ್ನಲ್ಲಿನಲ್ಲಿ ಬ್ರ್ಯಾಕೆಟ್ಟನ್ನು ಏರಿನ ಬುಡದಿಂದ ಎಳೆದು, ತಗ್ಗು ಮುಗಿಯುವವರೆಗೆ ಎರಡು ತುಂಡು ಮಾಡಿ ತೋರಿಸಿದಳು: ಇದು ಸುತಾರಾಂ ಕೇಳದ ಭಾಗ, ಇದು ಜೋರಾಗಿ ಹೇಳಿದರೆ ಕೇಳುವ ಭಾಗ. ನಾನು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಹಾಕಿದೆ.

ಜರ್ನಲ್ ಎಂದರೆ ವರ್ಷವಿಡೀ ಮಾಡಿದ ಪ್ರಯೋಗಗಳ ಪುಸ್ತಕ. ಪರೀಕ್ಷೆಗೆ ಮುಂಚೆ ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೀಳಬೇಕು. ಸಹಿ ಇಲ್ಲದವರನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗೆ ಬಿಡುವುದಿಲ್ಲ. ಪ್ರಾಕ್ಟಿಕಲ್ ತಪ್ಪಿದರೆ ವಿಷಯ ಉಳಿಯಿತು ಎಂದೇ ಲೆಕ್ಕ. ಸಹಿಯ ದಿನ ಎಲ್ಲರೂ ಸಾಲಾಗಿ ನಿಂತಿದ್ದರು. ಸರ್ ಹಾಳೆ ತಿರುವುತ್ತ, ಸಹಿ ಗೀಚುತ್ತ, ಜರ್ನಲ್ಲುಗಳನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಈ ಹುಡುಗಿಯ ಜರ್ನಲ್ಲಿಗೆ ಬಂದಾಗ ಕೈ ನಿಂತಿತು.

"ಇದೇನಿದು? ಗ್ವಾಡಿ ಮ್ಯಾಲ ಇಷ್ಟ ದೊಡ್ಡದಾಗಿ ಬರದೈತಿ, ಕಾಣೂದಿಲ್ಲ? ನೋಡಿ ತಿದ್ದಕೊಂಡ ಬಾ."

"ಸರ್, ಮೇಡಂ ಸರಿ ಹಾಕ್ಯಾರ್ರಿ," ಎಂದಳು ಹುಡುಗಿ.

"ಮೇಡಂ ಸಹಿ ಮಾಡತಾರೇನು ನಿಂದಕ್ಕ? ನಾಳೆ ಕಡೀ ದಿನ. ತಿದ್ದಿದ್ರ ಸಹಿ, ಇಲ್ಲಂದ್ರ ಇಲ್ಲ."

ಹುಡುಗಿ ಜರ್ನಲ್ ಎದೆಗವಚಿಕೊಂಡು ಹೊರಗೆ ಹೋದಳು. ಸಾಲು ಕರಗುವವರೆಗೆ ಹೇಗೋ ಹಲ್ಲು ಕಚ್ಚಿಕೊಂಡು ನಿಂತಿದ್ದು, ಆಮೇಲೆ ಸ್ಟಾಫ್ ರೂಮಿನಲ್ಲಿ ಅವರ ಮೇಜಿನ ಮುಂದೆ ನಿಂತೆ. ಕುರ್ಚಿ ಎಳೆದು ಕೂರುವಷ್ಟೂ ತಾಳ್ಮೆ ಇರಲಿಲ್ಲ.

"ಸರ್, ಆ ಹುಡುಗಿ ಬರದದ್ದು ಸರಿ ಐತಿ. ಗ್ವಾಡಿ ತಪ್ಪೈತಿ. ನಿಮಗ ಪುಸ್ತಕ ತಂದ ತೋರಿಸ್ಲೇನು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪುಸ್ತಕ ಯಾಕ್ರಿ ಮೇಡಂ? ನನಗ ಗೊತ್ತಿಲ್ಲೇನು? ಉದ್ಘಾಟನಾ ದಿನಾನ ನೋಡೀನಿ. ತಪ್ಪೈತಿ."

ಇಷ್ಟು ದಿನ ಅವರಿಗೆ ತಿಳಿದಿಲ್ಲ ಎಂದುಕೊಂಡಿದ್ದೆ. ತಿಳಿಯದವರಾಗಿದ್ದರೆ ಕೂತು ಹೇಳಬಹುದಿತ್ತು, ಸಿಟ್ಟಾದರೂ ಇಷ್ಟು ಬರುತ್ತಿರಲಿಲ್ಲ. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹುಡುಗರ ಜರ್ನಲ್ಲುಗಳಿಗೆ ಸುಳ್ಳಿನ ಕೆಳಗೆ ಸಹಿ ಮಾಡುತ್ತ ಬಂದಿದ್ದರು.

"ಗೊತ್ತಿದ್ದೂ ಆಕಿಗೆ ತಿದ್ದು ಅಂತೀರಿ?"

"ಎಲ್ಲಾರ ಜರ್ನಲ್ ಒಂದ ನಮೂನಿ, ಆಕಿದೊಂದ ಬ್ಯಾರೆ ನಮೂನಿ ಇದ್ರ, ನರಗುಂದದಿಂದ ಬರೋ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳತಾನಿಲ್ಲೋ? ಯಾವುದು ಸರಿ ಅಂತ ಕೇಳಿದ್ರ ಗ್ವಾಡಿ ಮಾತ ಬರತೈತಿ. ಗ್ವಾಡಿ ಮಾತ ಬಂದ್ರ ದಾನಿಗೋಳ ತನಕ ಹೋಗತೈತಿ. ಮುಂದಿನ ವರ್ಷ ಅವರು ಲ್ಯಾಬಿಗೆ ಬೆಂಚ್ ಮಾಡಸತೀನಿ ಅಂದಾರ. ಒಂದ ಬ್ರ್ಯಾಕೆಟ್ ಸಲುವಾಗಿ ಇಷ್ಟೆಲ್ಲಾ ಬೇಕೇನ್ರಿ?"

"ಒಂದ ಬ್ರ್ಯಾಕೆಟ್ ಸಲುವಾಗಿ ಆ ಹುಡುಗಿ ಗೋವಾಕ್ಕ ಹೋಗಿ ರೊಟ್ಟಿ ಬಡಿಬೇಕೇನ್ರಿ ಮತ್ತ?" ಎಂದೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮೊಬೈಲುಗಳಲ್ಲಿ ಮುಖ ಹುದುಗಿಸಿದರು. ಸರ್ ನಕ್ಕರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

"ತಿದ್ದಿದ್ರ ಯಾಕ ಹೋಗತಾಳ್ರಿ? ರಬ್ಬರ್ ಹಚ್ಚಿ ಒರಸೂದು ಎಷ್ಟೊತ್ತಿನ ಕೆಲಸ?"

ಹುಡುಗಿಗೆ, "ನೀ ಏನೂ ಒರಸಬ್ಯಾಡ, ನಾ ನೋಡತೀನಿ," ಎಂದು ಹೇಳಿ ನಾನು ಅಲ್ಲಿಂದ ನೇರ ಗೋಡೆ ಬರೆದ ಪೇಂಟರನ್ನು ಹುಡುಕಿಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಹೂವಿನ ಬಳ್ಳಿ ಬರೆಯುತ್ತಿದ್ದ. ನೀನು ನೋಡಿ ಬರೆದ ಪುಸ್ತಕದಲ್ಲಿ ಬ್ರ್ಯಾಕೆಟ್ಟು ಮೇಲಿತ್ತಲ್ಲ, ಪಕ್ಕಕ್ಕೆ ಯಾಕೆ ಹೋಯಿತು ಎಂದು ಕೇಳಿದೆ.

"ಮ್ಯಾಲ ಎಲ್ಲಿ ಜಾಗ ಇತ್ರೀ ಅಕ್ಕಾರ? ಗುಡ್ಡದ ತಲಿಮ್ಯಾಲ ಟ್ಯೂಬ್‌ಲೈಟ್ ಪಟ್ಟಿ ಇತ್ತು. ಬಾಜೂಕ ಬಯಲ ಗ್ವಾಡಿ ಇತ್ತು, ಅಲ್ಲೆ ಕುಂಡ್ರಿಸಿದೆ. ಯಾಕ್ರಿ, ಅಕ್ಷರ ಸೊಟ್ಟ ಬಿದ್ದಾವೇನು?"

ಅಕ್ಷರ ಸೊಟ್ಟ ಬಿದ್ದಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಅವನಿಗೆ ಅದು ಗುಡ್ಡ, ಬಯಲು ಮತ್ತು ಟ್ಯೂಬ್‌ಲೈಟು. ಆದರೆ ಅಲ್ಲಿ ನಿಂತಾಗ ನನಗೆ ಹೊಳೆದದ್ದೇನೆಂದರೆ, ಟ್ಯೂಬ್‌ಲೈಟಿನ ಪಟ್ಟಿಯೊಂದು ಗೋಡೆಯಲ್ಲಿ ಆ ಜಾಗದಲ್ಲಿ ಇದ್ದದ್ದಕ್ಕೆ ನಮ್ಮ ಕಾಲೇಜಿನ ಹುಡುಗರ ನರಗಳೆಲ್ಲ ತಪ್ಪು ಹೊತ್ತಿನಲ್ಲಿ ಕಿವುಡಾಗಿದ್ದವು. ಎಷ್ಟು ಬ್ಯಾಚುಗಳು ಅದನ್ನೇ ಬಾಯಿಪಾಠ ಮಾಡಿ, ನರ್ಸಿಂಗಿಗೆ, ಬಿ.ಎಡ್.ಗೆ ಹೋಗಿದ್ದವೋ ದೇವರೇ ಬಲ್ಲ.

ಅಷ್ಟಕ್ಕೇ ಬಿಡದೆ ದಾನಿಯ ಅಂಗಡಿಗೂ ಹೋದೆ. ಬೀಜ-ಗೊಬ್ಬರದ ಅಂಗಡಿ, ಹೊರಗೆ ರೈತರು ಕಟ್ಟೆಯ ಮೇಲೆ ಕೂತಿದ್ದರು. ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಮಸೆದುಕೊಂಡಿದ್ದೆ. ಅಲ್ಲಿ ನೋಡಿದರೆ ಆ ಮನುಷ್ಯ ಕುರ್ಚಿ ಹಾಕಿಸಿ, ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆ ಕೆರೆದುಕೊಂಡರು.

"ಯಾವ ಚಿತ್ರ ಅಂತೀರಿ? ಗುಡ್ಡ ಇದ್ದದ್ದೋ, ಕಪ್ಪಿ ಇದ್ದದ್ದೋ? ನಾ ಒಮ್ಮೆ ಬಂದಿದ್ದೆ, ಹಾರ ಹಾಕಿಸಿಕೊಂಡ ಬಂದೆ. ಹೆಸರ ಬರೋಬ್ಬರಿ ಐತಿಲ್ರಿ?"

"ಹೆಸರು ಸರಿ ಐತ್ರಿ. ಚಿತ್ರ ತಪ್ಪೈತಿ."

"ಹಂಗಾರ ಚಿತ್ರ ತಿದ್ದಿಸ್ರಿ. ಇದಕ್ಕ ನನ್ನ ಕೇಳೂದೇನೈತಿ? ತಪ್ಪು ಚಿತ್ರದ ಕೆಳಗ ನನ್ನ ಹೆಸರಿದ್ರ ನನಗ ನಗೆಗೇಡ ಅಲ್ಲೇನ್ರಿ?"

ಇಷ್ಟೇ. ಇಷ್ಟಕ್ಕೇ ಆ ಗೋಡೆಯನ್ನು ಕಾಯ್ದುಕೊಂಡು ಬಂದಿದ್ದರು. ಹೆದರಬೇಕಾದವರು ಯಾರೂ ಇರಲೇ ಇಲ್ಲ. ಬೆಂಚಿಗೂ ಬ್ರ್ಯಾಕೆಟ್ಟಿಗೂ ಸಂಬಂಧವೇ ಇರಲಿಲ್ಲ. ಒಂದು ಸಲ ಹೋಗಿ ಕೇಳುವುದಕ್ಕೆ ನಮ್ಮ ಸರ್‌ಗೆ ಬಾಯಿ ಬಂದಿರಲಿಲ್ಲ. ಸಂಜೆ ರೋಣದ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವಳಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಒಳಗೊಳಗೇ ಒಂದು ಹುಮ್ಮಸ್ಸು. ನಾಳೆ ಬೆಳಿಗ್ಗೆ ದಾನಿಯ ಮಾತು ಹೇಳಿ ಸರ್ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಮರುದಿನ ಸೂಡಿಯ ಸ್ಟಾಪಿನಲ್ಲಿ ಹುಡುಗಿ ಹತ್ತಲಿಲ್ಲ. ಕಾಲೇಜಿಗೆ ಬಂದು ನೋಡಿದರೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದಳು, ತೊಡೆಯ ಮೇಲೆ ಜರ್ನಲ್ಲು. ಮೊದಲಿನ ಬಸ್ಸಿಗೇ ಬಂದಿದ್ದಳು.

"ಸಹಿ ಆತ್ರಿ ಮೇಡಂ," ಎಂದಳು.

ತೆರೆದು ನೋಡಿದೆ. ಬ್ರ್ಯಾಕೆಟ್ಟು ಬಲಗಡೆಗೆ, ನೆಟ್ಟಗೆರೆಯ ಮೇಲೆ ಹೋಗಿ ಕೂತಿತ್ತು. ಕೆಳಗೆ ಸರ್ ಸಹಿ. ಶಿಖರದ ಮೇಲೆ ರಬ್ಬರಿನಿಂದ ತಿಕ್ಕಿದ ಹಾಳೆ ನವಿರೆದ್ದಿತ್ತು. ನನ್ನ ಕೆಂಪು ಶಾಯಿಯ ಸರಿ ಗುರುತು ಮಾತ್ರ ಅಳಿಸದೆ ಪಕ್ಕದಲ್ಲಿ ಹಾಗೇ ಉಳಿದಿತ್ತು, ಈಗ ಅದು ಆ ಸುಳ್ಳಿಗೇ ಹಾಕಿದ ಗುರುತಾಗಿತ್ತು.

"ನಾ ನೋಡತೀನಿ ಅಂದಿದ್ನಿಲ್ಲ? ಒಂದ ಮುಂಜಾನಿ ತಡಕೊಳ್ಳಾಕ ಆಗಲಿಲ್ಲ ನಿನಗ?" ನಾನು ಹರಿಹಾಯ್ದೆ. ಸಿಟ್ಟು ಯಾರ ಮೇಲೋ, ಬಿದ್ದದ್ದು ಅವಳ ಮೇಲೆ.

ಅವಳು ತಲೆ ತಗ್ಗಿಸಲಿಲ್ಲ. "ರಾತ್ರಿ ಪಪ್ಪನ ಫೋನ್ ಬಂದಿತ್ರಿ. ಪರೀಕ್ಷಾಕ ಕುಂಡ್ರತೀಯೋ ಇಲ್ಲೋ ಅಂತ ಕೇಳಿದ. ಕುಂಡ್ರತೀನಿ ಅಂದ್ನಿ. ಜರ್ನಲ್‌ನ್ಯಾಗ ಏನರೇ ಇರ್ಲ್ರಿ ಮೇಡಂ, ನನ್ನ ತಲಿಯಾಗಿಂದು ಯಾರೂ ಒರಸಿಲ್ಲ."

ಜರ್ನಲ್ಲನ್ನು ಅವಳ ಕೈಗೆ ಕೊಟ್ಟು ಸ್ಟಾಫ್ ರೂಮಿಗೆ ಹೋದೆ. ದಾನಿ ಹೇಳಿದ್ದನ್ನು ಸರ್‌ಗೆ ಹೇಳಿದೆ. ಅವರು ಕೆಂಡವಾದರು. ತಪ್ಪು ಸಿಕ್ಕಿತೆಂದಲ್ಲ, ತಮ್ಮನ್ನು ಬಿಟ್ಟು ನಾನು ಅಂಗಡಿಗೆ ಹೋದೆನೆಂದು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಖ ತಿರುಗಿಸಿದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬಿನ ಗೋಡೆಗಳ ಚಿತ್ರಗಳಿಗೆಲ್ಲ ಹಳೆಯ ಪೇಪರು ಅಂಟಿಸುತ್ತೇವೆ, ಯಾರೂ ನೋಡಿ ಬರೆಯದಿರಲಿ ಎಂದು. ನರದ ಗ್ರಾಫಿಗೂ ಪೇಪರು ಬಿತ್ತು. ದಾನಿಯ ಹೆಸರು ಮಾತ್ರ ಹೊರಗಿತ್ತು. ಪೇಪರು ಅಂಟಿಸಿದವಳು ನಾನೇ. ನನ್ನ ಜೀವನದಲ್ಲಿ ಅಷ್ಟು ಪ್ರೀತಿಯಿಂದ ಗೋಂದು ಹಚ್ಚಿದ್ದು ಅದೊಂದೇ ಸಲ.

ನರಗುಂದದಿಂದ ಬಂದ ಎಕ್ಸ್‌ಟರ್ನಲ್ ವಯಸ್ಸಾದ, ಮೆತ್ತಗೆ ಮಾತನಾಡುವ ಮನುಷ್ಯ. ಹುಡುಗರಿಗೆ ಹೆಸರುಗಳಿಲ್ಲದ ಬರೀ ಗೆರೆಯ ಗ್ರಾಫ್ ಕೊಟ್ಟು ಎಲ್ಲವನ್ನೂ ಗುರುತಿಸಿ ಎಂದರು. ಹುಡುಗಿ ಸ್ಕೇಲು ತೆಗೆದಳು. ನಾನು ದೂರದಿಂದಲೇ ನೋಡುತ್ತಿದ್ದೆ: ಸುಮ್ಮನಿರುವ ಮಟ್ಟ, ಏರಿನ ಹೆಸರು, ಇಳಿತದ ಹೆಸರು, ತಗ್ಗು, ಆಮೇಲೆ ಪೆನ್ಸಿಲು ಒತ್ತಿ ಏರಿನ ಬುಡದಿಂದ ಬ್ರ್ಯಾಕೆಟ್ಟು. ಎರಡು ತುಂಡು.

ಎಕ್ಸ್‌ಟರ್ನಲ್ ಹಾಳೆ ನೋಡಿದರು, ಜರ್ನಲ್ ತೆರೆದರು, ಮತ್ತೆ ಹಾಳೆ ನೋಡಿದರು. "ಏನವಾ, ಇದರಾಗ ಒಂದ ಥರ, ಅದರಾಗ ಒಂದ ಥರ ಐತಲ್ಲ? ಯಾವುದು ನಿಂದು?"

"ಜರ್ನಲ್‌ನ್ಯಾಗಿಂದು ಗ್ವಾಡಿದ್ರಿ ಸರ್. ಹಾಳ್ಯಾಗಿಂದು ನರದ್ದು."

ಅವರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಸರ್ ಕೂಡಲೇ ಬಾಯಿ ಹಾಕಿದರು. ಅವರು ಹೇಳಿದ್ದನ್ನು ಕೇಳಿ ನಾನು ಕೈಯಲ್ಲಿದ್ದ ಗಾಜಿನ ಬೀಕರನ್ನು ಮೇಜಿನ ಮೇಲೆ ಇಡಬೇಕಾಯಿತು, ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿತ್ತೋ.

"ಅದೇನಂದ್ರ ಸರ್, ಗ್ವಾಡಿ ಮ್ಯಾಲ ನಾವು ಬೇಕಂತನ ತಪ್ಪ ಬರಿಸೀವಿ. ಹುಡುಗೂರು ತಾವ ಹುಡುಕಲಿ ಅಂತ. ನಮ್ಮ ವಿಭಾಗದ ಪದ್ಧತಿ ಅದು."

"ಹೌದೇನ್ರಿ? ಭಾಳ ಚಲೋ ಐತಿ," ಎಂದು ಎಕ್ಸ್‌ಟರ್ನಲ್ ತಲೆಯಾಡಿಸಿದರು.

"ಇಲ್ರಿ ಸರ್," ಎಂದಳು ಹುಡುಗಿ. ಧ್ವನಿ ಏರಿಸಲಿಲ್ಲ. "ನಾ ಮೊದಲ ಸರಿ ತಗದಿದ್ನಿ. ಒರಸಿ ಗ್ವಾಡಿ ಹಂಗ ತಗದ್ರನ ಸಹಿ ಅಂದ್ರು. ನೋಡ್ರಿ, ಅಚ್ಚ ಇನ್ನೂ ಐತಿ."

ಜರ್ನಲ್ಲಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಪೆನ್ಸಿಲು ಒತ್ತಿ ಬರೆಯುವ ಅವಳ ಅಭ್ಯಾಸಕ್ಕೆ ನಾನು ಎಷ್ಟು ಗೇಲಿ ಮಾಡಿದ್ದೆನಲ್ಲ, ಶಿಖರದ ತಲೆಯ ಮೇಲೆ ಆ ಮೊದಲಿನ ಬ್ರ್ಯಾಕೆಟ್ಟು ಹಾಳೆಯಲ್ಲಿ ಗೀರಾಗಿ ಕೂತಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಎಕ್ಸ್‌ಟರ್ನಲ್ ಅದರ ಮೇಲೆ ಬೆರಳಾಡಿಸಿದರು. ನನ್ನ ಕೆಂಪು ಗುರುತನ್ನು ನೋಡಿ, ನನ್ನ ಕಡೆ ತಿರುಗಿ, "ಇದು ನಿಮ್ಮದೇನ್ರಿ ಮೇಡಂ?" ಎಂದು ಕೇಳಿದರು.

"ನಂದ ರಿ. ಮೊದಲಿನ ಬ್ರ್ಯಾಕೆಟ್ಟಿಗೆ ಹಾಕಿದ್ದು. ಒರಸಿದ್ದಕ್ಕಲ್ಲ. ಆಕಿ ಹೇಳಿದ್ದ ಪ್ರತಿ ಅಕ್ಷರ ಖರೇ," ಎಂದೆ.

ಅವರು ಎದ್ದು ಹೋಗಿ ಗೋಡೆಯ ಪೇಪರಿನ ಒಂದು ಮೂಲೆ ಎತ್ತಿ ಇಣುಕಿದರು. ಪೇಪರನ್ನು ಮೊದಲಿನಂತೆ ಅಂಟಿಸಿ ಬಂದು ಕೂತರು. ಸರ್ ಕಡೆ ನೋಡಲಿಲ್ಲ. ಹುಡುಗಿಗೆ, "ಹೋಗವಾ, ನಿಂದಾತು," ಎಂದು ಹಾಳೆಯ ಮೇಲೆ ಪೂರ್ತಿ ಅಂಕ ಬರೆದರು. ಮುಂದಿನವನನ್ನು ಕರೆದಾಗ ಗೋಡೆಯ ಹಾಗೆಯೇ ಬ್ರ್ಯಾಕೆಟ್ಟು ಹಾಕಿದ್ದ ಆ ಹುಡುಗನಿಗೆ ಅಂಕ ಕಡಿಯಲಿಲ್ಲ. "ತಪ್ಪು ನಿಂದಲ್ಲ," ಎಂದಷ್ಟೇ ಹೇಳಿದರು.

ಹುಡುಗಿ ಪಾಸಾದಳು, ಯಾವ ವಿಷಯವೂ ಉಳಿಯಲಿಲ್ಲ. ಗೋವಾದ ಅಡುಗೆ ಸದ್ಯಕ್ಕೆ ತಪ್ಪಿತು. ನನ್ನ ಅತಿಥಿತನವೂ ಹೇಗೋ ಮುಂದುವರಿಯಿತು. ಬಹುಶಃ ಪ್ರಾಣಿಶಾಸ್ತ್ರಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ರಜೆ ಮುಗಿದು ಕಾಲೇಜು ತೆರೆದ ದಿನ ಲ್ಯಾಬಿಗೆ ಹೋದರೆ ಟ್ಯೂಬ್‌ಲೈಟು ಪಕ್ಕದ ಗೋಡೆಗೆ ಹೋಗಿತ್ತು. ಬ್ರ್ಯಾಕೆಟ್ಟು ಹೊಸ ಬಣ್ಣದಲ್ಲಿ ಶಿಖರದ ಮೇಲೆ ಕೂತಿತ್ತು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಕಣ್ಣು ಕೆಳಗೆ ಇಳಿಯಿತು. ದಾನಿಯ ಹೆಸರಿನ ಕೆಳಗೆ ಈಗ ಇನ್ನೊಂದು ಸಾಲು: ಪರಿಷ್ಕರಣೆ ಮತ್ತು ಮಾರ್ಗದರ್ಶನ. ಅದರ ಮುಂದೆ ನಮ್ಮ ಸರ್ ಹೆಸರು, ಡಿಗ್ರಿಗಳ ಸಮೇತ.

ನಾನು ಹುಡುಗಿಯನ್ನು ತರಗತಿಯಿಂದ ಎಳೆದುಕೊಂಡೇ ಬಂದೆ. "ನೋಡು! ನೋಡಿಲ್ಲೆ! ನಿನ್ನ ಹೆಸರ ಬರಿಬೇಕಾದಲ್ಲಿ ಯಾರ ಹೆಸರ ಬರದಾರ ನೋಡು!"

ಅವಳು ಹೆಸರನ್ನು ನೋಡಲೇ ಇಲ್ಲ. ಕತ್ತು ಎತ್ತಿ ಬ್ರ್ಯಾಕೆಟ್ಟನ್ನೇ ನೋಡಿದಳು. ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು, ಚೀಲದಿಂದ ಸ್ಕೇಲು ತೆಗೆದು ಗೋಡೆಗೆ ಹಿಡಿದಳು.

"ಮೇಡಂ, ಇದು ತುದಿಯಿಂದ ಶುರು ಆಗೇತ್ರಿ," ಎಂದಳು. "ಏರಿನ ಬುಡದಿಂದ ಶುರು ಆಗಬೇಕಿತ್ತು. ಏರೂ ಹೊತ್ತಿನ್ಯಾಗ ಕರದ್ರೂ ನರ ಕೇಳೂದಿಲ್ಲಲ್ರಿ. ಅರ್ಧ ಇನ್ನೂ ತಪ್ಪೈತಿ."

ನೋಡಿದೆ. ಹೌದು. ಅರ್ಧ ಇನ್ನೂ ತಪ್ಪೇ ಇತ್ತು, ಮತ್ತು ಈಗ ಅದರ ಕೆಳಗೆ ಒಂದಲ್ಲ, ಎರಡು ಹೆಸರುಗಳಿದ್ದವು.

"ಸರ್‌ಗೆ ನೀವು ಹೇಳತೀರೋ, ನಾ ಹೇಳ್ಲ್ಯೋ?" ಎಂದು ಅವಳು ಕೇಳುವಷ್ಟರಲ್ಲಿ ನಾನು ಸ್ಟಾಫ್ ರೂಮಿನ ಬಾಗಿಲು ದಾಟಿದ್ದೆ.